ಬಾಡಿಗೆದಾರರಿಗೆ ಹಬ್ಬದ ಶುಭಾಶಯ ಹೇಗೆ ಕಳಿಸಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಕಟ್ಟಡದ ನಾಲ್ಕು ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ಹೋದ ದೀಪಾವಳಿಗೆ ವಾಟ್ಸಾಪ್ ಗ್ರೂಪಿನಲ್ಲಿ ಶುಭಾಶಯ ಹಾಕಿ, "ನೀವೆಲ್ಲ ನಮ್ಮ ಮನೆಯವರಿದ್ದ ಹಾಗೆ, ಏನು ಬೇಕಿದ್ದರೂ ಸಂಕೋಚ ಇಲ್ಲದೆ ಹೇಳಿ" ಅಂತ ಬರೆದೆ. ಸ್ವಲ್ಪ ಹೊತ್ತಿಗೇ ಒಬ್ಬರು ಗೋಡೆಗೆ ಬಣ್ಣ ಕೇಳಿದರು, ಇನ್ನೊಬ್ಬರು ಎರಡನೇ ಬೈಕಿಗೆ ಜಾಗ ಕೇಳಿದರು, ಮತ್ತೊಬ್ಬರು ಈ ವರ್ಷ ಬಾಡಿಗೆ ಏರಿಸಬೇಡಿ ಅಂದರು. ಈ ಸಲ ಏನು ಬರೆಯಲಿ?

ಉತ್ತರ: ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಕೇಳಿ ಅಂತ ನೀವೇ ಹೇಳಿದ್ದಿರಿ, ಅಲ್ವಾ? ಶುಭಾಶಯದಲ್ಲಿ ತೊಂದರೆ ತರುವುದು ಇಂಥ ಸಾಲೇ. "ಏನು ಬೇಕಿದ್ದರೂ" ಅನ್ನುವ ಮಾತಿಗೆ ಮಿತಿ ಇಲ್ಲ. "ಬರುವ ವರ್ಷ ಎಲ್ಲ ಸರಿ ಮಾಡಿಸೋಣ" ಅನ್ನುವುದೂ ಹಾಗೇ. ಬಾಯಲ್ಲಿ ಹೇಳಿದ್ದು ಮರೆತು ಹೋಗಬಹುದು. ಬರೆದದ್ದು ಫೋನಿನಲ್ಲಿ ಉಳಿಯುತ್ತದೆ, ಹನ್ನೊಂದು ತಿಂಗಳ ಕರಾರು ಮುಗಿದು ಹೊಸ ಅಗ್ರಿಮೆಂಟ್ ಮಾಡುವಾಗ ಹೊರಗೆ ಬರುತ್ತದೆ.

ಹಾಗಂತ ಬರೀ ದೀಪದ ಚಿತ್ರ ಫಾರ್ವರ್ಡ್ ಮಾಡಿದರೂ ಪ್ರಯೋಜನ ಕಡಿಮೆ. ಅಂಥವು ಆ ದಿನ ಹತ್ತಾರು ಬಂದಿರುತ್ತವೆ. ವಿಶ್ವಾಸ ಬೆಳೆಯುವುದು ಎರಡು ವಿಷಯದಿಂದ. ಒಂದು, ಅವರು ಮಾಡಿದ ಉಪಕಾರವನ್ನು ಹೆಸರಿಟ್ಟು ನೆನೆಯುವುದು. ಇನ್ನೊಂದು, ನೀವು ಆಗಲೇ ಮಾಡಿ ಮುಗಿಸಿದ ಒಂದು ಕೆಲಸ ಹೇಳುವುದು. ಮುಂದೆ ಮಾಡುತ್ತೇನೆ ಅಂದರೆ ಜನ ಕಾಯುತ್ತಾರೆ, ಕೇಳುತ್ತಾರೆ. ಆಗಿದೆ ಅಂದರೆ ಮಾತು ಅಲ್ಲಿಗೆ ಮುಗಿಯಿತು.

ದೀಪಾವಳಿಯಲ್ಲಿ ಇದಕ್ಕೆ ಒಳ್ಳೆಯ ಅವಕಾಶ ಇದೆ. ನೀರು ತುಂಬುವ ಹಬ್ಬದ ಮರುದಿನ ನರಕ ಚತುರ್ದಶಿ. ನಾಲ್ಕೂ ಮನೆಯವರು ಬೆಳಗಿನ ಜಾವವೇ ಎಣ್ಣೆ ಸ್ನಾನಕ್ಕೆ ಇಳಿದರೆ ಮೇಲಿನ ಟ್ಯಾಂಕ್ ಬೇಗ ಖಾಲಿ ಆಗುತ್ತದೆ. ಹಿಂದಿನ ಸಂಜೆಯೇ ಸಂಪಿನಲ್ಲಿ ನೀರು ಎಷ್ಟಿದೆ ನೋಡಿ. ಕಡಿಮೆ ಇದ್ದರೆ ಟ್ಯಾಂಕರ್ ತರಿಸಿ, ಮೋಟರ್ ಹಾಕಿ ಟ್ಯಾಂಕ್ ತುಂಬಿಸಿ. ಆಮೇಲೆ ಮೆಸೇಜ್ ಕಳಿಸಿ. ನಾನಾದರೆ ಹೀಗೆ ಬರೆಯುತ್ತೇನೆ:

"ನಮಸ್ಕಾರ. ನಿಮಗೂ ಮನೆಯವರಿಗೂ ದೀಪಾವಳಿ ಹಬ್ಬದ ಶುಭಾಶಯಗಳು. ಹೋದ ತಿಂಗಳು ಸಂಪು ಕ್ಲೀನ್ ಮಾಡಿಸುವಾಗ ನೀರನ್ನು ಹಿತಮಿತವಾಗಿ ಬಳಸಿ ಸಹಕರಿಸಿದಿರಿ, ತುಂಬಾ ಧನ್ಯವಾದ. ನಾಳೆ ಬೆಳಗ್ಗೆಯ ಸ್ನಾನಕ್ಕೆಂದು ಟ್ಯಾಂಕ್ ತುಂಬಿಸಿದ್ದೇವೆ. ಹಬ್ಬ ಚೆನ್ನಾಗಿ ಆಗಲಿ."

ಇಷ್ಟೇ ಸಾಕು. "ಬಾಡಿಗೆ ಸರಿಯಾಗಿ ಕೊಡುತ್ತಿದ್ದೀರಿ, ಥ್ಯಾಂಕ್ಸ್" ಅಂತ ಸೇರಿಸಬೇಡಿ. ದುಡ್ಡಿನ ಮಾತು ಬಂದ ಕೂಡಲೇ ಓದುವವರ ಮನಸ್ಸು ಬಾಡಿಗೆ ಏರಿಕೆಯ ಕಡೆಗೆ ಹೋಗುತ್ತದೆ. ಪಾರ್ಕಿಂಗ್‌ನಲ್ಲಿ ಪಟಾಕಿ ಹೊಡೆಯಬೇಡಿ ಅನ್ನುವುದು ಹೇಳಲೇಬೇಕಾದ ಮಾತು, ಆದರೆ ಅದನ್ನು ಎರಡು ದಿನ ಮೊದಲೇ ಬೇರೆ ಮೆಸೇಜಿನಲ್ಲಿ ಹೇಳಿ. ಶುಭಾಶಯದ ಬಾಲಕ್ಕೆ ಕಟ್ಟಿದರೆ ಇಡೀ ಮೆಸೇಜು ನೋಟಿಸಿನಂತೆ ಕಾಣುತ್ತದೆ.

ಗ್ರೂಪಿಗಿಂತ ಒಬ್ಬೊಬ್ಬರಿಗೇ ಕಳಿಸುವುದು ಒಳ್ಳೆಯದು. ಗ್ರೂಪಿನಲ್ಲಿ ಒಬ್ಬರು ಬಣ್ಣ ಕೇಳಿದರೆ ಉಳಿದವರಿಗೂ ತಮ್ಮ ಗೋಡೆ ನೆನಪಾಗುತ್ತದೆ. ಒಬ್ಬೊಬ್ಬರಿಗೇ ಬರೆದರೆ ಹೆಸರು ಹಿಡಿದು ಮಾತಾಡಿಸಬಹುದು. ರಂಜಾನ್, ಕ್ರಿಸ್ಮಸ್ ಆಚರಿಸುವವರಿಗೆ ಅವರ ಹಬ್ಬದ ದಿನವೂ ಮರೆಯದೆ ಕಳಿಸಬಹುದು. ಸಿಹಿ ಹಂಚುವುದಾದರೆ ಮಾತ್ರ ಎಲ್ಲ ಮನೆಗೂ ಒಂದೇ ಅಳತೆ ಇರಲಿ. ಹೆಚ್ಚುಕಡಿಮೆ ಆದರೆ ಮೆಟ್ಟಿಲ ಮೇಲೇ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಕಡೆ ಶುಭಾಶಯ ಕೆಲಸ ಮಾಡುವುದಿಲ್ಲ: ಹಳೆಯ ದೂರು ಬಾಕಿ ಇರುವ ಮನೆಯಲ್ಲಿ. ಬಚ್ಚಲಿನ ನಲ್ಲಿ ತಿಂಗಳಿಂದ ಸೋರುತ್ತಿದ್ದರೆ, ನಿಮ್ಮ ಸವಿಮಾತು ಓದಿ ಅವರಿಗೆ ಸಿಟ್ಟೇ ಬರುತ್ತದೆ. ಅವರು ಆಗ ಕೇಳುವುದು ಹೊಸ ಬೇಡಿಕೆ ಅಲ್ಲ, ನ್ಯಾಯವಾದ ಬಾಕಿ. ಹಬ್ಬಕ್ಕೆ ಒಂದು ವಾರ ಮೊದಲೇ ಪ್ಲಂಬರ್ ಕರೆಸಿ. ಹಬ್ಬದ ದಿನಗಳಲ್ಲಿ ಆತ ಸಿಗುವುದೂ ಕಷ್ಟ. ಆಗದಿದ್ದರೆ ಯಾವ ದಿನ ಬರುತ್ತಾನೆ ಅಂತ ಮೊದಲೇ ತಿಳಿಸಿ, ಶುಭಾಶಯದಲ್ಲಿ ಆ ವಿಷಯ ಎತ್ತಬೇಡಿ.

ಇದಾದ ಮೇಲೂ ಯಾರಾದರೂ ಏನಾದರೂ ಕೇಳಬಹುದು. ಹಬ್ಬದ ದಿನ ಹೌದು ಅಥವಾ ಇಲ್ಲ ಅನ್ನಲು ಹೋಗಬೇಡಿ. "ಹಬ್ಬ ಮುಗಿಯಲಿ, ಸೋಮವಾರ ಸಂಜೆ ಕೂತು ಮಾತಾಡೋಣ" ಅಂತ ಒಂದು ದಿನ ಹೇಳಿ. ಸೋಮವಾರ ಅವರು ಬರುವ ಮೊದಲೇ ನೀವೇ ಫೋನ್ ಮಾಡಿ. ಬೈಕಿಗೆ ಜಾಗ ಇಲ್ಲದಿದ್ದರೆ ಇಲ್ಲ ಅಂತ ಆಗ ನೇರವಾಗಿ, ಕಾರಣದ ಜೊತೆ ಹೇಳಿ.