ಮಸಿ ಕಲೆಯಲ್ಲಿ ಬಾವಲಿ ಕಂಡರೆ ಏನರ್ಥ?

ಪ್ರಶ್ನೆ: ನಮ್ಮ ಮಗನಿಗೆ 19 ವರ್ಷ. ಓದಿನಲ್ಲಿ ಮನಸ್ಸಿಲ್ಲ, ಯಾರೊಡನೆಯೂ ಮಾತಿಲ್ಲ ಎಂದು ಮನಶ್ಶಾಸ್ತ್ರಜ್ಞರೊಬ್ಬರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಮಸಿ ಚೆಲ್ಲಿದಂಥ ಹತ್ತು ಚಿತ್ರ ತೋರಿಸಿ ಏನು ಕಾಣುತ್ತೆ ಅಂತ ಕೇಳಿದರಂತೆ. ಇವನು ಒಂದೊಂದಕ್ಕೆ ಒಂದೊಂದು ಉತ್ತರ ಹೇಳಿ ಎದ್ದು ಬಂದಿದ್ದಾನೆ, ಅದರಲ್ಲಿ ಎರಡು ಸಲ ಬಾವಲಿ. ವರದಿಯಲ್ಲಿ ‘ಭಾವನೆಗಳನ್ನು ಅದುಮಿಡುವ ಸ್ವಭಾವ’ ಎಂದಿದೆ. ನಂಬಬಹುದೆ?
– ವಿರಾಜಪೇಟೆಯ ತಾಯಿಯೊಬ್ಬರು

ಬಾವಲಿಯ ಚಿಂತೆ ಬಿಡಿ ಅಮ್ಮ. ಮೊದಲನೆಯ ಮತ್ತು ಐದನೆಯ ಕಾರ್ಡಿಗೆ ಜಗತ್ತಿನಾದ್ಯಂತ ಜನ ಹೇಳುವುದೇ ಬಾವಲಿ, ಇಲ್ಲವೇ ಚಿಟ್ಟೆ. ಹತ್ತನೆಯದಕ್ಕೆ ಏಡಿ ಎನ್ನುವವರೂ ಬಹಳ. ಕೊಡಗಿನ ಕಕ್ಕಡ ಮಾಸದಲ್ಲಿ ಏಡಿ ಸಾರು ಉಂಡು ಬೆಳೆದವರಷ್ಟೇ ಅಲ್ಲ, ಸಮುದ್ರ ಕಾಣದವರೂ. ಇಂಥವನ್ನು ಪರೀಕ್ಷಕರೇ ‘ಸಾಮಾನ್ಯ ಉತ್ತರ’ ಎಂದು ಗುರುತು ಹಾಕಿಕೊಳ್ಳುತ್ತಾರೆ.

ಸ್ವಿಸ್ ಮನೋವೈದ್ಯ ಹರ್ಮನ್ ರೋರ್ಶಾಕ್ 1921ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಮರುವರ್ಷವೇ, 37ನೇ ವಯಸ್ಸಿನಲ್ಲಿ, ಆತ ತೀರಿಕೊಂಡ. ಅಸ್ಪಷ್ಟ ಚಿತ್ರದ ಮುಂದೆ ಕೂರಿಸಿದರೆ ಒಳಮನಸ್ಸು ತಾನಾಗಿ ಹೊರಗೆ ಚೆಲ್ಲುತ್ತದೆ ಎಂಬ ‘ಪ್ರಕ್ಷೇಪಣ’ದ ಮಾತು ಇದಕ್ಕೆ ಅಂಟಿಕೊಂಡದ್ದು ಆಮೇಲೆ. ಏನು ಕಂಡಿತು ಎನ್ನುವುದಕ್ಕಿಂತ ಹೇಗೆ ಕಂಡಿತು ಎನ್ನುವುದೇ ರೋರ್ಶಾಕ್‌ಗೆ ಮುಖ್ಯವಾಗಿತ್ತು. ಅದಕ್ಕೇ ಪರೀಕ್ಷಕರು ಎರಡನೇ ಸುತ್ತಿನಲ್ಲಿ ‘ಎಲ್ಲಿ ಕಂಡಿತು, ಯಾವುದರಿಂದ ಹಾಗನ್ನಿಸಿತು’ ಎಂದು ಮತ್ತೆ ಕೇಳುತ್ತಾರೆ. ರೆಕ್ಕೆಯ ಆಕಾರ ನೋಡಿ ಬಾವಲಿ ಎಂದರೆ ಅದು ಬರೀ ಆಕಾರದ ಉತ್ತರ. ‘ಕೆಂಪಗಿದೆ, ಅದಕ್ಕೇ ಹೂವು’ ಎಂದರೆ ಬಣ್ಣದ ಉತ್ತರ. ಬಣ್ಣದ ಉತ್ತರ ಭಾವನೆಯ ಗುರುತು ಎಂದು ಹಳೆಯ ನಂಬಿಕೆ. ಬರೀ ಆಕಾರ ಹೇಳಿಕೊಂಡು ಹೋದವರು ಭಾವನೆಗಳಿಂದ ದೂರ ನಿಲ್ಲುವವರು ಎಂದು ಅದರಿಂದ ತೀರ್ಮಾನ. ನಿಮ್ಮ ಮಗನ ವರದಿಯ ಆ ಸಾಲು ಬಹುಶಃ ಇಲ್ಲಿಂದಲೇ ಬಂದದ್ದು.

ಆದರೆ ಅವನು ಕೊಟ್ಟದ್ದು ಬರೀ ಹತ್ತು ಉತ್ತರ. ಅಮೆರಿಕದ ಜಾನ್ ಎಕ್ಸ್‌ನರ್ 1974ರಲ್ಲಿ ರೂಪಿಸಿದ, ದಶಕಗಳ ಕಾಲ ಹೆಚ್ಚು ಬಳಕೆಯಲ್ಲಿದ್ದ ಅಂಕ ಪದ್ಧತಿಯ ಪ್ರಕಾರ ಹದಿನಾಲ್ಕಕ್ಕಿಂತ ಕಡಿಮೆ ಉತ್ತರ ಬಂದರೆ ಅದರಿಂದ ಅರ್ಥ ತೆಗೆಯಬಾರದು. ಮತ್ತೆ ಮಾಡಬೇಕು, ಇಲ್ಲವೇ ಪಕ್ಕಕ್ಕಿಡಬೇಕು. ಅಂಕಗಳೆಲ್ಲ ಉತ್ತರಗಳ ಎಣಿಕೆಯ ಮೇಲೆ ನಿಂತಿವೆ. ಮೂವತ್ತು ಉತ್ತರ ಕೊಡುವ ಮಾತುಗಾರನಲ್ಲಿ ಬಣ್ಣ, ಚಲನೆ, ವಿಚಿತ್ರ ವಿವರ ಎಲ್ಲ ತಾನಾಗಿ ಹೆಚ್ಚುತ್ತವೆ. ಗುರುತಿಲ್ಲದ ಕೋಣೆಯಲ್ಲಿ ಮುದುಡಿ ಕೂತ ಹುಡುಗ ‘ಬಾವಲಿ’, ‘ಏಡಿ’ ಎಂದು ಮುಗಿಸುತ್ತಾನೆ. ಆ ಹತ್ತು ಉತ್ತರ ತೋರಿಸುವುದು ಅವನ ಸ್ವಭಾವವನ್ನೋ, ಆ ದಿನದ ಸಂಕೋಚವನ್ನೋ, ಬೇಗ ಮನೆಗೆ ಹೋಗಬೇಕೆಂಬ ಆತುರವನ್ನೋ? ಕಾರ್ಡುಗಳಿಂದ ಬಿಡಿಸಿ ಹೇಳಲಾಗದು. ಈ ತೊಂದರೆಗಾಗಿಯೇ 2011ರ ಹೊಸ ಪದ್ಧತಿಯಲ್ಲಿ ಪ್ರತಿ ಕಾರ್ಡಿಗೆ ಎರಡು, ಸಾಧ್ಯವಾದರೆ ಮೂರು ಉತ್ತರ ಕೊಡಿ ಎಂದು ಮೊದಲೇ ಹೇಳುತ್ತಾರೆ.

ಇಷ್ಟಿದ್ದೂ ಅನುಭವಸ್ಥರು ಇಂಥ ಪರೀಕ್ಷೆಗಳನ್ನು ಯಾಕೆ ನಂಬಿದರು? ಮನುಷ್ಯನ ಚಿತ್ರ ಬರೆಸುವ ಇನ್ನೊಂದು ಪ್ರಕ್ಷೇಪಣ ಪರೀಕ್ಷೆಯಿದೆ. ಸಂಶಯದ ಸ್ವಭಾವದವರು ಕಣ್ಣನ್ನು ಒತ್ತಿ ಬರೆಯುತ್ತಾರೆ ಎಂಬುದು ಪರೀಕ್ಷಕರ ನಂಬಿಕೆಯಾಗಿತ್ತು. 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಚಾಪ್‌ಮನ್ ದಂಪತಿ, ಈ ವಿದ್ಯೆಯ ಗಂಧವಿಲ್ಲದ ವಿದ್ಯಾರ್ಥಿಗಳ ಮುಂದೆ ಅಂಥ ಚಿತ್ರಗಳನ್ನಿಟ್ಟು, ಬರೆದವರ ಲಕ್ಷಣಗಳೆಂದು ಹೇಳಿದ್ದನ್ನು ಯಾವುದೇ ಸಂಬಂಧವಿಲ್ಲದಂತೆ ಬೇಕಾಬಿಟ್ಟಿ ಜೋಡಿಸಿ ತೋರಿಸಿದರು. ವಿದ್ಯಾರ್ಥಿಗಳೂ ಸಂಶಯಕ್ಕೂ ಕಣ್ಣಿಗೂ ನಂಟು ‘ಕಂಡುಹಿಡಿದರು’. ಇಲ್ಲದ ನಂಟು ಕಂಡಿತು, ಯಾಕೆಂದರೆ ಅದು ಕೇಳಲು ಸರಿಯೆನಿಸುತ್ತದೆ. ಹಾಗಿರುವಾಗ ಮೂವತ್ತು ವರ್ಷದ ಅನುಭವ ಎಂದರೆ ಅದೇ ತಪ್ಪು ಮೂವತ್ತು ವರ್ಷ ಗಟ್ಟಿಯಾದದ್ದೂ ಇರಬಹುದು. (ಕಣ್ಣು ಚೆನ್ನಾಗಿ ಬರೆಯಲು ಬಂದವನ ಗತಿ ನೋಡಿ!)

ಹಾಗಂತ ಮಸಿ ಕಲೆಗಳನ್ನು ಪೂರ್ತಿ ತಿಪ್ಪೆಗೆ ಎಸೆಯುವುದು ನನಗೆ ಒಪ್ಪಿಗೆಯಿಲ್ಲ. 2013ರಲ್ಲಿ ಮಿಹುರಾ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಒಂದೊಂದೇ ಅಂಕವನ್ನು ತೂಗಿ ನೋಡಿದರು. ಯೋಚನೆಯ ಎಳೆ ಕಡಿದುಹೋಗುವುದನ್ನು, ಕಣ್ಣೆದುರಿನ ಆಕಾರಕ್ಕೆ ಹೊಂದದ್ದನ್ನು ಕಾಣುವುದನ್ನು ಅಳೆಯುವ ಅಂಕಗಳಿಗೆ ಒಳ್ಳೆಯ ಆಧಾರ ಸಿಕ್ಕಿತು. ಕಟು ಟೀಕಾಕಾರರೂ ಆಮೇಲೆ ಅಷ್ಟನ್ನು ಒಪ್ಪಿದರು. ಸ್ಕಿಜೋಫ್ರೇನಿಯಾದಂಥ ಕಾಯಿಲೆಯ ಪತ್ತೆಯೇ ರೋರ್ಶಾಕ್‌ನ ಮೂಲ ಆಸಕ್ತಿಯೂ ಆಗಿತ್ತು. ಸ್ವಭಾವ, ಅದುಮಿಟ್ಟ ಭಾವನೆಗಳ ಕುರಿತ ಅನೇಕ ಅಂಕಗಳಿಗೆ ಅಂಥ ಗಟ್ಟಿ ಆಧಾರ ಸಿಗಲಿಲ್ಲ.

ಆದ್ದರಿಂದ ಆ ಒಂದು ಸಾಲಿನ ಮೇಲೆ ಏನನ್ನೂ ನಿರ್ಧರಿಸಬೇಡಿ. ವರದಿ ಕೊಟ್ಟವರನ್ನೇ ಕೇಳಿ: ಒಟ್ಟು ಎಷ್ಟು ಉತ್ತರ, ಯಾವ ಪದ್ಧತಿಯಲ್ಲಿ ಅಂಕ ಹಾಕಿದಿರಿ, ಅವನೊಡನೆ ಕೂತು ಮಾತಾಡಿದಾಗ ಏನು ತಿಳಿಯಿತು. ಓದಿನಲ್ಲಿ ಮನಸ್ಸಿಲ್ಲ, ಮಾತು ಕಡಿಮೆ ಎಂದು ನೀವು ಬರೆದಿದ್ದೀರಲ್ಲ, ನಿದ್ದೆ, ಊಟ ಹೇಗಿದೆ, ಇದು ಯಾವಾಗಿನಿಂದ ಎಂದು ವಿಚಾರಿಸುವವರು ಬೇಕು. ವಿಷಾದ ಇದ್ದರೆ ಗೊತ್ತಾಗುವುದು ಆ ಮಾತುಕತೆಯಲ್ಲಿ. ದೂರ ಹೋಗಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.