ಬಾವಿ ನಾರ್ವೆಯಾಚೆ ಬಿದ್ದರೆ: ಎರಡು ದಿನದ ಕ್ಯೂಜಿಐಎಸ್ ಕಾರ್ಯಾಗಾರಕ್ಕೊಂದು ಯೋಜನೆ

ಎರಡು ದಿನದಲ್ಲಿ ಕ್ಯೂಜಿಐಎಸ್ ಎಂಬ ನಕ್ಷೆ ತಯಾರಿಸುವ ತಂತ್ರಾಂಶವನ್ನು ಪೂರ್ತಿ ಕಲಿಸಲು ಹೋದರೆ ಮೆನುಗಳ ಪರಿಚಯದಲ್ಲೇ ಎರಡನೇ ದಿನದ ಊಟದ ಗಂಟೆ ಹೊಡೆಯುತ್ತದೆ. ಬದಲಿಗೆ ಒಂದು ಪ್ರಶ್ನೆ, ಒಂದು ನಕ್ಷೆ ಸಾಕು. ಕುಮಟಾ ಕಡೆಯ ಕಾಲೇಜಿಗೆ ಪ್ರಶ್ನೆ ಹುಡುಕಬೇಕಾಗಿಲ್ಲ: ಅಘನಾಶಿನಿ ಅಳಿವೆಯ ದಡದಿಂದ ಎಷ್ಟು ದೂರದವರೆಗೆ ಬಾವಿ ನೀರು ಸವಳಾಗಿದೆ? ಇದನ್ನು ಮಾರ್ಚ್‌ನಿಂದ ಮೇ ನಡುವೆ ಇಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಮೇಲಿನಿಂದ ಸಿಹಿನೀರು ಇಳಿದು ವ್ಯತ್ಯಾಸ ಅಳಿಸಿಹೋಗುತ್ತದೆ, ನಕ್ಷೆಯಲ್ಲಿ ನೋಡಲು ಏನೂ ಉಳಿಯುವುದಿಲ್ಲ.

24 ವಿದ್ಯಾರ್ಥಿಗಳು, ನಾಲ್ವರಂತೆ 6 ಗುಂಪು, ಗುಂಪಿಗೆ 6 ಬಾವಿ. ಒಟ್ಟು 36 ಬಿಂದುಗಳು. ಗುಂಪಿಗೆ ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಒಂದು ಟಿಡಿಎಸ್ ಮೀಟರ್, ಒಂದು ಮೊಬೈಲ್, ಒಂದು ಮುದ್ರಿತ ನಮೂನೆ. ಲ್ಯಾಬಿನ ಎಲ್ಲ ಕಂಪ್ಯೂಟರಿಗೂ ಒಂದೇ ಆವೃತ್ತಿಯ ಕ್ಯೂಜಿಐಎಸ್ ಅನ್ನು ಪೆನ್‌ಡ್ರೈವ್‌ನಿಂದ ಮೊದಲೇ ಹಾಕಿಡಿ. ರಸ್ತೆ, ಊರುಗಳ ಪದರಗಳನ್ನು ಜಿಯೋಫ್ಯಾಬ್ರಿಕ್ ತಾಣದ Southern Zone ಕಡತದಿಂದ ಕುಮಟಾ ತಾಲೂಕಿನಷ್ಟೇ ಕತ್ತರಿಸಿ ಕೊಡಿ. ಎಲ್ಲರೂ ಒಟ್ಟಿಗೆ ಉಪಗ್ರಹ ಚಿತ್ರ ಎಳೆಯತೊಡಗಿದರೆ ಕಾಲೇಜಿನ ಇಂಟರ್ನೆಟ್ ಅಲ್ಲಿಗೇ ಮಲಗುತ್ತದೆ.

ದಡದ ಗೆರೆಯನ್ನು ಮಾತ್ರ ಸಂಘಟಕರೇ ಉಪಗ್ರಹ ಚಿತ್ರದ ಮೇಲೆ ಎಳೆದಿಟ್ಟಿರಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹೊಳೆಯ ಗೆರೆ ಸಾಮಾನ್ಯವಾಗಿ ಹರಿವಿನ ಮಧ್ಯದಲ್ಲಿರುತ್ತದೆ. ಅಳಿವೆ ಅಗಲವಾದ ಕಡೆ ಅಲ್ಲಿಂದ 500 ಮೀಟರ್ ಅಳೆದರೆ ಇನ್ನೂ ನೀರಿನಲ್ಲೇ ಇರುತ್ತೇವೆ. ಗಜನಿ ಗದ್ದೆಗಳಿರುವ ಕಡೆ ದಡ ಎಂದರೆ ಯಾವುದು ಎಂಬುದೇ ಚರ್ಚೆಯ ವಿಷಯ. ಹೊಳೆಯ ಬದಿಯ ಕಟ್ಟೆಯೋ, ಉಪ್ಪುನೀರು ನುಗ್ಗುವ ಗದ್ದೆಯ ಒಳಅಂಚೋ? ಬಾವಿಯ ಪ್ರಶ್ನೆಗೆ ಒಳಅಂಚೇ ಸರಿಯಾದ ಗಡಿ. ಯಾವುದನ್ನು ಆರಿಸಿದರೂ ನಕ್ಷೆಯ ಕೆಳಗೆ ಬರೆಯಲೇಬೇಕು.

ಮೊದಲ ದಿನ ಬೆಳಿಗ್ಗೆ ಹೊರಡುವ ಮುನ್ನ ಆರೂ ಮೀಟರ್‌ಗಳನ್ನು ಒಂದೇ ಲೋಟದ ನೀರಿಗೆ ಅದ್ದಿ ನೋಡಿ. ಉಳಿದವುಗಳಿಗಿಂತ ಬಹಳ ಬೇರೆ ತೋರಿಸುವ ಮೀಟರ್ ಅನ್ನು ಲ್ಯಾಬಿನಲ್ಲೇ ಬಿಡಿ. ಗುಂಪುಗಳನ್ನು ಮಿರ್ಜಾನ, ದಿವಗಿ, ಹೆಗಡೆ, ಮಾಣಿಕಟ್ಟಾ ಕಡೆಗೆ ಹಂಚಬಹುದು. ಪ್ರತಿ ಗುಂಪೂ ದಡಕ್ಕೆ ಹತ್ತಿರದ 2, ನಡುವಿನ 2, ದೂರದ 2 ಬಾವಿ ನೋಡಬೇಕು. ಎಲ್ಲರೂ ದಡದಲ್ಲೇ ಸುತ್ತಿದರೆ ದೂರದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಉಪ್ಪುನೀರು ಭಾರವಾದ್ದರಿಂದ ಬಾವಿಯ ತಳದಲ್ಲಿರುತ್ತದೆ. ಹಾಗಾಗಿ ಕೊಡಪಾನದಲ್ಲಿ ಮೇಲಿನ ನೀರು ಸೇದಿದರೆ ಒಂದು ಸಂಖ್ಯೆ, ಪಂಪು ತಳದಿಂದ ಎಳೆದರೆ ಇನ್ನೊಂದು ಬರಬಹುದು. ನೀರು ಹೇಗೆ ಎತ್ತಿದ್ದು ಎಂಬುದಕ್ಕೆ ನಮೂನೆಯಲ್ಲಿ ಒಂದು ಕಾಲಂ ಇರಲಿ. ತೆಂಗು, ಅಡಿಕೆಯ ನೆರಳಿನಲ್ಲಿ ಮೊಬೈಲಿನ ಜಿಪಿಎಸ್ ತಡಕಾಡುತ್ತದೆ. ನಿಖರತೆ 10 ಮೀಟರ್‌ಗಿಂತ ಕೆಳಗಿಳಿಯುವವರೆಗೆ ಕಾಯಿರಿ, ಇಳಿಯದಿದ್ದರೆ ಬಂದಷ್ಟನ್ನೇ ಬರೆದುಕೊಳ್ಳಿ.

ಮಧ್ಯಾಹ್ನ ಬರೆದದ್ದನ್ನು ಶೀಟಿಗೆ ತುಂಬುವುದು. ಕಾಲಂ ಹೆಸರುಗಳು ಇಂಗ್ಲಿಷಿನಲ್ಲಿ ಚಿಕ್ಕದಾಗಿರಲಿ, ಊರಿನ ಹೆಸರು ಕನ್ನಡದಲ್ಲಿ:

```
id,ooru,lat,lon,tds,ettuva
7,ಹೆಗಡೆ,14.4250,74.4111,640,pump
```

ಈ ಸಾಲು ಮಾದರಿಗಾಗಿ ಮಾತ್ರ. tds ಕಾಲಂನಲ್ಲಿ ಒಬ್ಬರು "640 ppm" ಎಂದು ಬರೆದರೂ ಇಡೀ ಕಾಲಂ ಪಠ್ಯವಾಗಿ, ನಾಳೆ ಅದಕ್ಕೆ ಸಂಖ್ಯೆಯ ಬಣ್ಣ ಕೊಡಲಾಗದು. ಎಕ್ಸೆಲ್‌ನಲ್ಲಿ ಉಳಿಸುವಾಗ CSV UTF-8 ಆರಿಸಬೇಕು. ಬರೀ CSV ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಕಚೇರಿಗಳಿಂದ ತಂದ ಹಳೆಯ ನುಡಿ ಅಕ್ಷರಶೈಲಿಯ ಕಡತಗಳಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

Add Delimited Text Layer ಕಿಟಕಿಯಲ್ಲಿ X ಎಂದರೆ lon, Y ಎಂದರೆ lat, ನಿರ್ದೇಶಾಂಕ ಪದ್ಧತಿ ಅಕ್ಷಾಂಶ-ರೇಖಾಂಶದ EPSG:4326. ಇನ್ನು ಸಂಜೆಯವರೆಗಿನ ಹೊತ್ತನ್ನು ದಾರಿ ತಪ್ಪಿದ ಬಾವಿಗಳಿಗೇ ಮೀಸಲಿಡಬೇಕು. ನಮ್ಮ ದೃಷ್ಟಿಯಲ್ಲಿ ಕಾರ್ಯಾಗಾರದ ತಿರುಳು ಇದೇ. ಬಿಂದು ಎಲ್ಲಿ ಹೋಗಿ ಬಿದ್ದಿದೆ ಎಂಬುದೇ ತಪ್ಪು ಯಾವುದೆಂದು ಹೇಳುತ್ತದೆ.

ನಾರ್ವೆಗೂ ಸ್ವಾಲ್ಬಾರ್ಡ್‌ಗೂ ನಡುವಿನ ಸಮುದ್ರದಲ್ಲಿದ್ದರೆ X, Y ಅದಲುಬದಲಾಗಿವೆ: 14 ರೇಖಾಂಶ, 74 ಅಕ್ಷಾಂಶ. ಕುಮಟಾದಿಂದ ನೈಋತ್ಯಕ್ಕೆ ಅರಬ್ಬಿ ಸಮುದ್ರದಲ್ಲಿದ್ದರೆ ಡಿಗ್ರಿ-ಮಿನಿಟು-ಸೆಕೆಂಡನ್ನು ದಶಾಂಶದಂತೆ ಬರೆದಿದ್ದಾರೆ. 14°25'30" ಎಂಬುದು 14.2530 ಅಲ್ಲ, 25ನ್ನು 60ರಿಂದಲೂ 30ನ್ನು 3600ರಿಂದಲೂ ಭಾಗಿಸಿ ಕೂಡಿದಾಗ ಬರುವ 14.4250. ಈ ಒಂದು ತಪ್ಪಿಗೆ ಬಾವಿ ಸುಮಾರು 19 ಕಿ.ಮೀ. ದಕ್ಷಿಣಕ್ಕೆ ಸರಿಯುತ್ತದೆ. ರೇಖಾಂಶದ 74°24'40"ನ್ನೂ 74.2440 ಎಂದು ಬರೆದಿದ್ದರೆ ಸುಮಾರು 18 ಕಿ.ಮೀ. ಪಶ್ಚಿಮಕ್ಕೂ ಹೋಗುತ್ತದೆ. ಯಾರೂ ತಪ್ಪು ಮಾಡದಿದ್ದರೆ ಬೇಕೆಂದೇ ಕೆಡಿಸಿದ ಕಡತವೊಂದನ್ನು ಕೊಟ್ಟು ಹುಡುಕಿಸಿ.

ಎರಡನೇ ದಿನ ಬೆಳಿಗ್ಗೆ ದೂರದ ಲೆಕ್ಕ. EPSG:4326ರಲ್ಲಿ ಅಳತೆಯ ಮಾನ ಡಿಗ್ರಿ. ಅದರಲ್ಲೇ, ಸುತ್ತಲೂ ಇಂತಿಷ್ಟು ದೂರದ ವಲಯ ಎಳೆಯುವ Buffer ತೆರೆದು 500 ಎಂದು ಕೊಟ್ಟರೆ 500 ಡಿಗ್ರಿಯ ವೃತ್ತ ಬಂದು ಭೂಮಿಯನ್ನೇ ನುಂಗುತ್ತದೆ. ಇಲ್ಲಿ ವಿದ್ಯಾರ್ಥಿಗಳಿಗೆ ಗೊಂದಲ ಸಹಜ, ಏಕೆಂದರೆ ಅಳತೆಪಟ್ಟಿಯ ಉಪಕರಣ ಅದೇ ಪದರದ ಮೇಲೆ ಸರಿಯಾದ ಮೀಟರ್ ತೋರಿಸಿರುತ್ತದೆ. ಆ ಉಪಕರಣ ಭೂಮಿಯ ಗೋಳಾಕಾರವನ್ನು ಹಿಡಿದು ಲೆಕ್ಕ ಹಾಕುತ್ತದೆ, Buffer ಹಾಗೆ ಮಾಡುವುದಿಲ್ಲ. ಆದ್ದರಿಂದ ಬಾವಿ ಮತ್ತು ದಡದ ಪದರಗಳೆರಡನ್ನೂ Reproject Layer ಮೂಲಕ ನಮ್ಮ ಜಿಲ್ಲೆ ಬರುವ, ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ, ಅಂದರೆ EPSG:32643ಕ್ಕೆ ಬದಲಿಸಬೇಕು.

ಅವಸರದಲ್ಲಿ ಕೆಲವರು Set Layer CRS ಒತ್ತಿ ಅಲ್ಲೂ 32643 ಕೊಡುತ್ತಾರೆ. ಅದು ಸಂಖ್ಯೆಗಳನ್ನು ಮುಟ್ಟದೆ ಹಣೆಪಟ್ಟಿ ಮಾತ್ರ ಬದಲಿಸುತ್ತದೆ. 74 ಡಿಗ್ರಿ 74 ಮೀಟರ್ ಆಗಿ, ಬಾವಿಗಳೆಲ್ಲ ಮಾಲ್ಡೀವ್ಸ್‌ನ ದಕ್ಷಿಣ ತುದಿಯ ಪಶ್ಚಿಮಕ್ಕೆ, ಭೂಮಧ್ಯರೇಖೆಯ ಹತ್ತಿರ ಒಂದೇ ಚುಕ್ಕೆಯಂತೆ ಗುಂಪುಗೂಡುತ್ತವೆ.

ನಂತರ ಪ್ರತಿ ಬಾವಿಯಿಂದ ಹತ್ತಿರದ ದಡಕ್ಕೆ ಎಷ್ಟು ದೂರ ಎಂದು ಲೆಕ್ಕ ಹಾಕುವ Join Attributes by Nearest. ಮೊದಲ ಪದರ ಬಾವಿ, ಎರಡನೆಯದು ದಡ. ಹೊಸ ಪದರದಲ್ಲಿ distance ಎಂಬ ಕಾಲಂ ಬರುತ್ತದೆ. ಅಲ್ಲಿ 400ರ ಬದಲು 0.0037ರಂಥ ಸಂಖ್ಯೆ ಕಂಡರೆ ಪದರ ಇನ್ನೂ ಡಿಗ್ರಿಯಲ್ಲೇ ಇದೆ ಎಂದರ್ಥ. ಎರಡು ಮೂರು ಬಾವಿಗಳಿಗೆ ಅಳತೆಪಟ್ಟಿಯಿಂದಲೂ ತಾಳೆ ನೋಡಿಸಿ.

ಬಣ್ಣ ಕೊಡುವಾಗ ಕ್ಯೂಜಿಐಎಸ್ ತಾನಾಗಿ ಮಾಡುವ ವರ್ಗಗಳನ್ನು ಬಿಟ್ಟುಬಿಡಿ. ಪ್ರತಿ ವರ್ಗಕ್ಕೂ ಸಮಾನ ಸಂಖ್ಯೆಯ ಬಾವಿ ಹಂಚುವ ವರ್ಗೀಕರಣದಲ್ಲಿ ನೀರೆಲ್ಲ ಒಳ್ಳೆಯದಿದ್ದರೂ ಒಂದಿಷ್ಟು ಬಾವಿ ಕೆಂಪಾಗುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಾಗ 2000ದವರೆಗೆ ಸಹ್ಯ. ಈ ಎರಡು ಗಡಿಗಳನ್ನೇ ಕೈಯಿಂದ ಹಾಕಿ ಮೂರು ವರ್ಗ ಮಾಡಿ. ಟಿಡಿಎಸ್ ಹೆಚ್ಚಿದ್ದೆಲ್ಲ ಸಮುದ್ರದ ಉಪ್ಪಲ್ಲ ಎಂಬ ಮಾತು ಇಲ್ಲೇ ಬರಬೇಕು. ಅದನ್ನು ಖಚಿತಪಡಿಸಲು ಕ್ಲೋರೈಡ್ ಪರೀಕ್ಷೆ ಬೇಕು, ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರು ಅದನ್ನು ಮಾಡಿಕೊಡಬಲ್ಲರು.

ಮಧ್ಯಾಹ್ನ ಮುದ್ರಣದ ವಿನ್ಯಾಸ: ಎ4 ಹಾಳೆ, ಅಳತೆಗೆರೆ, ಸೂಚಿ, ಸಮೀಕ್ಷೆಯ ದಿನಾಂಕ. ಊರಿನ ಹೆಸರು ಚೌಕಗಳಾಗಿ ಕಂಡರೆ ಅಕ್ಷರಶೈಲಿಯನ್ನು Noto Sans Kannada ಮಾಡಿ. ಬಾವಿಯ ಯಜಮಾನರ ಹೆಸರು ನಕ್ಷೆಯ ಮೇಲೂ ಬೇಡ, ಹಂಚುವ ಕಡತದಲ್ಲೂ ಬೇಡ. ಕೊನೆಗೆ ಎಲ್ಲ ಪದರಗಳನ್ನೂ ಒಂದೇ ಜಿಯೋಪ್ಯಾಕೇಜ್ ಕಡತಕ್ಕೆ ಸೇರಿಸಿ, ಪ್ರಾಜೆಕ್ಟ್ ಕಡತವನ್ನೂ ಅದೇ ಫೋಲ್ಡರಿನಲ್ಲಿಟ್ಟು ಪೆನ್‌ಡ್ರೈವ್‌ಗೆ ಹಾಕಿಸಿ. ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೆಯೇ ಲ್ಯಾಬ್ ಮುಚ್ಚಬಹುದು.