ಪೆಕ್ಟಿನ್: ಹುಳಿ ಬಿದ್ದರೆ ಕಾಳು ಯಾಕೆ ಬೇಯಲ್ಲ?

ಕಾಳಿನ ಒಳಗಿನ ಸಣ್ಣ ಸಣ್ಣ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಗೋಂದಿನಂಥ ವಸ್ತುವೇ ಪೆಕ್ಟಿನ್. ಜಾಮ್ ಗಟ್ಟಿಯಾಗುವುದೂ ಇದರಿಂದಲೇ. ಕಾಳು ಬೆಂದಿದೆ ಅಂದರೆ ಈ ಗೋಂದು ಬಿಸಿನೀರಿನಲ್ಲಿ ಒಡೆದು ಕರಗಿದೆ, ಕೋಶಗಳು ಬಿಡಿಬಿಡಿಯಾಗಿವೆ ಎಂದರ್ಥ. ಆಗಲೇ ಕಾಳು ಬೆರಳಿಗೆ ಮೆತ್ತಗೆ ಸಿಗುವುದು.

ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲ, ಟೊಮೇಟೊದಲ್ಲಿ ಸಿಟ್ರಿಕ್ ಆಮ್ಲ ಇರುತ್ತದೆ. ಹುಳಿ ನೀರಿನಲ್ಲಿ ಪೆಕ್ಟಿನ್ ಒಡೆಯುವುದು ತುಂಬಾ ನಿಧಾನ. ಹಾಗಾಗಿ "ಮೊದಲು ಬೇಯಿಸು, ಆಮೇಲೆ ಹುಳಿ ಹಾಕು" ಎಂದು ಅಜ್ಜಿ ಹೇಳುತ್ತಿದ್ದದ್ದು ಸುಮ್ನೆ ಅಲ್ಲ.

ಒಮ್ಮೆ ಅವಸರದಲ್ಲಿ ನಾನು ಇದನ್ನು ಮರೆತಿದ್ದೆ. ರಾತ್ರಿ ನೆನೆಸಿಟ್ಟ ಒಂದು ಲೋಟ ಕಡಲೆಕಾಳಿಗೆ ನಿಂಬೆ ಗಾತ್ರದ ಹುಣಸೆಹಣ್ಣಿನ ರಸ ಸೇರಿಸಿ ಕುಕ್ಕರ್ ಇಟ್ಟೆ. ಐದು ವಿಷಲ್ ಆಯಿತು. ಸಿಪ್ಪೆ ಬಿರಿದಿತ್ತು, ಆದರೆ ಹೆಬ್ಬೆರಳಲ್ಲಿ ಒತ್ತಿದರೆ ಕಾಳು ಹಿಟ್ಟಾಗಲಿಲ್ಲ, ಎರಡು ಹೋಳಾಗಿ ಜಾರಿತು. ಹುಳಿ ನೀರು ಬಸಿದಿಟ್ಟು, ಕಾಳಿಗೆ ಹೊಸ ನೀರು ಹಾಕಿ ಮತ್ತೆ ಕೂಗಿಸಿದ ಮೇಲೆ ಮೆತ್ತಗಾಯಿತು. ಬಸಿದ ರಸ ಕೊನೆಗೆ ಸಾರಿಗೇ ಹೋಯಿತು.

ಹಾಗಾದರೆ ತೊಗರಿಬೇಳೆ ಜೊತೆ ಒಂದು ಟೊಮೇಟೊ ಹಾಕಿದರೂ ಚೆನ್ನಾಗಿ ಬೇಯುತ್ತಲ್ಲ? ಹೌದು, ಬೇಯುತ್ತದೆ. ಬೇಳೆಗೆ ಸಿಪ್ಪೆ ಇಲ್ಲ, ಹೋಳು ಸಣ್ಣದು. ಟೊಮೇಟೊ ಹುಣಸೆಯಷ್ಟು ಹುಳಿಯಲ್ಲ, ಅಷ್ಟು ನೀರಿನಲ್ಲಿ ಇನ್ನೂ ತೆಳುವಾಗುತ್ತದೆ. ಕುಕ್ಕರಿನಲ್ಲಿ ಶಾಖ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೂ ಏರುತ್ತದೆ. ಅದೇ ಬೇಳೆಯನ್ನು ತೆರೆದ ಪಾತ್ರೆಯಲ್ಲಿ ನಾಲ್ಕೈದು ಟೊಮೇಟೊ ಜೊತೆ ಬೇಯಿಸಿ ನೋಡಿ, ಸಮಯ ಜಾಸ್ತಿ ಹಿಡಿಯುತ್ತದೆ.

ಹುಳಿ ಹಾಕದಿದ್ದರೂ ಕಾಳು ಬಿರುಸಾಗಿಯೇ ಉಳಿದರೆ ನೀರನ್ನೂ ಕಾಳನ್ನೂ ಅನುಮಾನಿಸಬೇಕು. ಗಡಸು ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಸೆಕೆ, ತೇವದಲ್ಲಿ ಬಹಳ ದಿನ ಇಟ್ಟ ಹಳೇ ಕಾಳೂ ಹೀಗೇ ಬಿಗಿಯುತ್ತದೆ. ಕೆಲವೇ ಕಾಳು ಕಲ್ಲಿನಂತೆ ಉಳಿದರೆ ಕಾರಣ ಬೇರೆ. ಅವುಗಳ ಸಿಪ್ಪೆ ನೀರನ್ನೇ ಒಳಗೆ ಬಿಟ್ಟಿರುವುದಿಲ್ಲ. ನೆನೆಸಿದ ಬೆಳಿಗ್ಗೆ ಉಬ್ಬದೆ ಸಣ್ಣಗೆ ಉಳಿದವನ್ನು ಆಗಲೇ ಆರಿಸಿ ತೆಗೆಯಬಹುದು. ಉಪ್ಪು ಹಾಕಿದರೆ ಕಾಳು ಬೇಯಲ್ಲ ಎನ್ನುವುದು ಮಾತ್ರ ಸುಳ್ಳು ಆರೋಪ. ನೆನೆಸುವ ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಸಿಪ್ಪೆ ಇನ್ನೂ ಮೃದುವಾಗುತ್ತದೆ.

ಪೂರ್ತಿ ಬೆಂದ ಕಾಳನ್ನು ಹುಳಿ ಮತ್ತೆ ಗಟ್ಟಿ ಮಾಡುವುದಿಲ್ಲ, ಅದು ಇನ್ನಷ್ಟು ಕರಗದಂತೆ ಹಿಡಿದು ನಿಲ್ಲಿಸುತ್ತದೆ. ಕಡಲೆ ಬೆರಳಲ್ಲಿ ಸಲೀಸಾಗಿ ನುರಿಯುವಾಗ ಹುಣಸೆ ರಸ ಹಾಕಿ ಹತ್ತು ನಿಮಿಷ ಕುದಿಸಿ. ಸಾರು ಇನ್ನೂ ಸ್ವಲ್ಪ ಹೊತ್ತು ಕುದಿದರೂ ಕಾಳು ಇಡಿಯಾಗಿಯೇ ಇರುತ್ತದೆ.